ಫಿಬೊನಾಚಿ ಗೆರೆ ಒಂಟಿಯಾಗಿದ್ದರೆ ಖರೀದಿ ಬೇಡ: ಪುಲ್‌ಬ್ಯಾಕ್‌ನಲ್ಲಿ ಷೇರು ಕೊಳ್ಳುವ ಕ್ರಮ

ಬ್ಯಾಡಗಿ ಯಾರ್ಡಿನಲ್ಲಿ ಮೆಣಸಿನಕಾಯಿ ದರ ಮೂರು ವಾರ ಏರಿ, ಆಮೇಲೆ ಆವಕ ಹೆಚ್ಚಾಗಿ ಇಳಿಯತೊಡಗಿತು ಎನ್ನಿ. ಇಳಿತ ಎಲ್ಲಿ ನಿಂತೀತು? ಹೋದ ತಿಂಗಳು ಒಂದು ದರದಲ್ಲಿ ಮಾಲು ಕೈತಪ್ಪಿಸಿಕೊಂಡ ಖರೀದಿದಾರ ಅದೇ ದರ ಮತ್ತೆ ಬಂದಾಗ ಟೆಂಡರ್ ಹಾಕುತ್ತಾನೆ. ಖಾರದ ಪುಡಿ ಮಾಡುವವರಿಗೆ ತಮ್ಮ ಲೆಕ್ಕಕ್ಕೆ ಗಿಟ್ಟುವ ಒಂದು ದರ ಇರುತ್ತದೆ. ಕೋಲ್ಡ್ ಸ್ಟೋರೇಜ್ ಬಾಡಿಗೆ, ಬಡ್ಡಿ ಎಲ್ಲ ಕಳೆದರೂ ನಾಲ್ಕು ಕಾಸು ಉಳಿಯುತ್ತದೆ ಎಂದು ದಾಸ್ತಾನು ಮಾಡುವವರು ನೋಡುವ ದರ ಇನ್ನೊಂದು. ಈ ಮೂರೂ ದರಗಳು ಹತ್ತಿರ ಹತ್ತಿರ ಬಿದ್ದ ಕಡೆ ಕೊಳ್ಳುವವರು ಒಟ್ಟಿಗೆ ಸೇರುತ್ತಾರೆ, ಇಳಿತ ಅಲ್ಲಿ ನಿಲ್ಲುವ ಸಾಧ್ಯತೆ ಹೆಚ್ಚು. ಅವರಲ್ಲಿ ಯಾರೂ 61.8% ಲೆಕ್ಕ ಹಾಕಿರುವುದಿಲ್ಲ.

ಷೇರಿನ ಚಾರ್ಟ್ ಮೇಲೆ ಫಿಬೊನಾಚಿ ಗೆರೆ ಎಳೆಯುವ ಮೊದಲು ಈ ಚಿತ್ರ ಮನಸ್ಸಿನಲ್ಲಿರಲಿ. ಏರಿದ ಷೇರು ನಡುವೆ ಹಿಂದಕ್ಕೆ ಇಳಿಯುವುದೇ ಪುಲ್‌ಬ್ಯಾಕ್. ಹಾಗೆ ಎಷ್ಟು ಪಾಲು ಹಿಂದೆ ಬಂದಿದೆ ಎಂದು ಈ ಗೆರೆಗಳು ಅಳೆದು ಕೊಡುತ್ತವೆ, ಅಷ್ಟೇ. ಆ ಜಾಗದಲ್ಲಿ ಕೊಳ್ಳುವವರು ಇದ್ದಾರೋ ಇಲ್ಲವೋ ಎನ್ನುವುದನ್ನು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು. ಹಾಗೆ ಬೇರೆ ಬೇರೆ ಕಾರಣಗಳು ಒಂದೇ ಬೆಲೆಯಲ್ಲಿ ಬಂದು ಕೂಡುವುದನ್ನೇ ಟ್ರೇಡರ್‌ಗಳು ಕನ್‌ಫ್ಲುಯೆನ್ಸ್ ಎನ್ನುತ್ತಾರೆ. ಇಲ್ಲಿ ಹೇಳುವುದು ಕ್ಯಾಶ್ ಮಾರುಕಟ್ಟೆಯ ಷೇರನ್ನು, ದಿನದ ಚಾರ್ಟ್ ನೋಡಿ, ಡೆಲಿವರಿಗೆ ಕೊಳ್ಳುವ ಕ್ರಮ. ಹಗಲೆಲ್ಲ ಅಂಗಡಿಯಲ್ಲೋ ಕಚೇರಿಯಲ್ಲೋ ಇದ್ದು, ಮಧ್ಯಾಹ್ನ 3:30ಕ್ಕೆ ಮಾರುಕಟ್ಟೆ ಮುಚ್ಚಿದ ಮೇಲೆ ಅರ್ಧ ಗಂಟೆ ಕೊಡಬಲ್ಲವರಿಗೆ ಇದು ಹೊಂದುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಕೂತು 5 ನಿಮಿಷದ ಚಾರ್ಟ್ ಮೇಲೆ ಇದನ್ನೇ ಮಾಡಲು ಹೋಗಬೇಡಿ. ಅಷ್ಟು ಸಣ್ಣ ಚಾರ್ಟ್‌ನಲ್ಲಿ ಒಂದು ದೊಡ್ಡ ಆರ್ಡರ್ ಬಿದ್ದರೂ ಬೆಲೆ ಎರಡು ಗೆರೆ ದಾಟಿಬಿಡುತ್ತದೆ.

ಶೇಕಡಾವಾರುಗಳು ಎಲ್ಲಿಂದ ಬಂದವು

1, 2, 3, 5, 8, 13, 21, 34, 55 ಎಂಬ ಸರಣಿಯಲ್ಲಿ ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. 1202ರಲ್ಲಿ ಪಿಸಾದ ಲಿಯೊನಾರ್ಡೊ ಅಂದರೆ ಫಿಬೊನಾಚಿ ಇದನ್ನು ಬರೆದ. ಅದಕ್ಕೂ ಮೊದಲೇ, 12ನೇ ಶತಮಾನದ ಹೇಮಚಂದ್ರ ಲಘು-ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಎಣಿಸುವಾಗ ಇದೇ ಸರಣಿಯನ್ನು ಹೇಳಿದ್ದ. ನಾಲ್ಕು ಮಾತ್ರೆಯ ಸಾಲನ್ನು 5 ಬಗೆಯಲ್ಲಿ, ಐದು ಮಾತ್ರೆಯದನ್ನು 8 ಬಗೆಯಲ್ಲಿ ಕಟ್ಟಬಹುದು. ಸರಣಿ ಮುಂದೆ ಹೋದಂತೆ ಒಂದು ಸಂಖ್ಯೆಯನ್ನು ಅದರ ಮುಂದಿನದರಿಂದ ಭಾಗಿಸಿದರೆ 0.618 ಬರುತ್ತದೆ. ಅದರ ವರ್ಗ 0.382, ಘನ 0.236, ವರ್ಗಮೂಲ 0.786. ಚಾರ್ಟ್‌ನಲ್ಲಿ ಕಾಣುವ 50% ಮಾತ್ರ ಈ ಸರಣಿಯದಲ್ಲ. ಅರ್ಧ ಇಳಿತವನ್ನು ಗಮನಿಸುವ ಹಳೆಯ ರೂಢಿಯಿಂದ ಅದು ಬಂದು ಇಲ್ಲಿ ಸೇರಿಕೊಂಡಿದೆ.

ಛಂದಸ್ಸಿನ ಲೆಕ್ಕ ಷೇರಿನ ಬೆಲೆಯನ್ನು ಹಿಡಿದು ನಿಲ್ಲಿಸುವ ಯಾವ ಕಾರಣವೂ ಇಲ್ಲ. ತುಂಬ ಜನ ಇವೇ ಗೆರೆಗಳನ್ನು ನೋಡುವುದರಿಂದ ಅಲ್ಲಿ ಒಂದಿಷ್ಟು ಆರ್ಡರ್ ಸೇರುತ್ತವೆ ಎನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಎಲ್ಲರೂ ಒಂದೇ ಏರಿಕೆಯನ್ನು, ಒಂದೇ ತುದಿಯಿಂದ ಅಳೆಯುವುದಿಲ್ಲ. ಹಾಗಾಗಿ ಆ ಆರ್ಡರ್‌ಗಳೂ ಚದುರಿಹೋಗುತ್ತವೆ.

ಗೆರೆ ಒಂಟಿಯಾಗಿದ್ದರೆ ಏಕೆ ಸಾಲದು

ಒಂದು ಷೇರು 412 ರೂಪಾಯಿಯಿಂದ 538ಕ್ಕೆ ಏರಿದೆ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಮಾಡಿಕೊಂಡ ಷೇರು, ಕೊನೆಯವರೆಗೆ ಇದನ್ನೇ ಹಿಡಿದು ಹೋಗೋಣ. ಏರಿಕೆ 126 ರೂಪಾಯಿ. 538ರಿಂದ ಕೆಳಗೆ ಅಳೆದರೆ 23.6% ಗೆರೆ 508.26ಕ್ಕೆ, 38.2% ಗೆರೆ 489.87ಕ್ಕೆ, 50% ಗೆರೆ 475ಕ್ಕೆ, 61.8% ಗೆರೆ 460.13ಕ್ಕೆ, 78.6% ಗೆರೆ 438.96ಕ್ಕೆ ಬೀಳುತ್ತವೆ.

ಬೆಲೆ ಪೈಸೆ ಲೆಕ್ಕದಲ್ಲಿ ಗೆರೆ ಮುಟ್ಟಿ ತಿರುಗುವುದಿಲ್ಲ. ಆದ್ದರಿಂದ ಗೆರೆಯ ಮೇಲೆ 4, ಕೆಳಗೆ 4 ರೂಪಾಯಿ ಬಿಟ್ಟು 'ಇಲ್ಲಿಂದ ತಿರುಗಿತು' ಎನ್ನುತ್ತೇವೆ. ಒಂದು ಗೆರೆಗೆ 8 ರೂಪಾಯಿಯಂತೆ ಐದು ಗೆರೆಗೆ 40 ರೂಪಾಯಿ ಆಯಿತು. 126ರಲ್ಲಿ 40 ಅಂದರೆ ಸುಮಾರು ಮೂರನೆಯ ಒಂದು ಭಾಗ. ಕಣ್ಣು ಮುಚ್ಚಿ ಈ ಏರಿಕೆಯೊಳಗಿನ ಯಾವುದೋ ಒಂದು ಬೆಲೆ ಆರಿಸಿದರೂ, ಮೂರಕ್ಕೆ ಒಂದು ಸಲ ಅದು ಯಾವುದಾದರೂ ಗೆರೆಯ ಪಕ್ಕದಲ್ಲೇ ಇರುತ್ತದೆ. ಹಳೆಯ ಚಾರ್ಟ್ ತೆಗೆದು 'ನೋಡಿ, 61.8ರಿಂದ ಹೇಗೆ ಎದ್ದಿತು' ಎಂದು ತೋರಿಸುವ ಚಿತ್ರಗಳಲ್ಲಿ ಬಹಳಷ್ಟು ಈ ಲೆಕ್ಕದಲ್ಲೇ ಹುಟ್ಟಿದವು. ಆ ಏರಿಕೆಯಲ್ಲಿ ಬೆಲೆ ಮುರಿದುಕೊಂಡು ಹೋದ ಗೆರೆಗಳನ್ನು ಯಾರೂ ಎಣಿಸಿರುವುದಿಲ್ಲ.

ಇದಕ್ಕೆ ಪರಿಹಾರ ಗೆರೆಗಳನ್ನು ಕಡಿಮೆ ಮಾಡಿಕೊಳ್ಳುವುದು ಮತ್ತು ಗೆರೆಗೆ ಸಂಬಂಧವಿಲ್ಲದ ಇನ್ನೊಂದು ಕಾರಣ ಕೇಳುವುದು. ಮೊದಲನೆಯದು ಸುಲಭ: 23.6 ಮತ್ತು 78.6ನ್ನು ಖರೀದಿಗೆ ಬಳಸಬೇಡಿ. 23.6ರಲ್ಲಿ ಇಳಿತ ಇನ್ನೂ ಶುರುವಾಗಿರುತ್ತದೆ ಅಷ್ಟೇ. 78.6ರ ಕೆಳಗೆ ದಿನದ ಕ್ಲೋಸ್ ಬಂತೆಂದರೆ ಏರಿಕೆ ಹೆಚ್ಚುಕಡಿಮೆ ಪೂರ್ತಿ ಕರಗಿದೆ ಎಂದು ತಿಳಿದು ಆ ಷೇರನ್ನು ಪಟ್ಟಿಯಿಂದ ತೆಗೆಯಿರಿ. ಎರಡನೆಯದಕ್ಕೆ ಕ್ರಮ ಬೇಕು.

ಮೊದಲು ಏರಿಕೆಯನ್ನು ಸರಿಯಾಗಿ ಹಿಡಿಯಿರಿ

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಎಲ್ಲಿಂದ ಎಲ್ಲಿಗೆ ಎಳೆಯಬೇಕು ಎನ್ನುವುದು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದರೆ, ಬೇಕಾದ ಕಡೆ ಗೆರೆ ಬರುವಂತೆ ಕೈ ತಾನಾಗಿಯೇ ಹೊಂದಿಸಿಕೊಳ್ಳುತ್ತದೆ. ಅದಕ್ಕೆ ಮೂರು ನಿಯಮ ಇಟ್ಟುಕೊಳ್ಳಿ. ಆ ಏರಿಕೆ ಹಿಂದಿನ ಒಂದು ಸ್ಪಷ್ಟವಾದ ಶಿಖರವನ್ನು ದಾಟಿರಬೇಕು, ಇಲ್ಲದಿದ್ದರೆ ಅದು ಹಳೆಯ ಏರಿಳಿತದೊಳಗಿನ ಓಡಾಟ ಮಾತ್ರ. ಕೆಳತುದಿ ಆ ಏರಿಕೆ ಶುರುವಾದ ಕ್ಯಾಂಡಲ್‌ನ ಲೋ ಆಗಿರಬೇಕು, ಮೇಲ್ತುದಿ ಅತಿ ಎತ್ತರದ ಹೈ ಆಗಿರಬೇಕು. ಒಂದು ಕಡೆ ಕ್ಯಾಂಡಲ್‌ನ ಬಾಲದ ತುದಿ, ಇನ್ನೊಂದು ಕಡೆ ಅದರ ಮೈ ಹಿಡಿಯಬಾರದು. ಮೂರನೆಯದಾಗಿ, ಮೇಲ್ತುದಿಯಿಂದ ಬೆಲೆ ಕನಿಷ್ಠ ಎರಡು ಎಟಿಆರ್‌ನಷ್ಟು ಇಳಿದ ಮೇಲೆಯೇ ಅದನ್ನು ಶಿಖರ ಎಂದು ಒಪ್ಪಿ. ಎಟಿಆರ್ ಅಂದರೆ ಈ ಷೇರು ಒಂದು ದಿನದಲ್ಲಿ ಸರಾಸರಿ ಎಷ್ಟು ರೂಪಾಯಿ ಓಡಾಡುತ್ತದೆ ಎನ್ನುವ ಅಳತೆ. ಚಾರ್ಟ್‌ನಲ್ಲಿ 14 ದಿನದ ಎಟಿಆರ್ ಹಾಕಿದರೆ ಸಿಗುತ್ತದೆ. ನಮ್ಮ ಷೇರಿನದು 9 ರೂಪಾಯಿ ಎಂದಿರಲಿ. ಆಗ 538ರಿಂದ 520ಕ್ಕೆ ಇಳಿದ ಮೇಲೆ ಗೆರೆ ಎಳೆಯುತ್ತೇವೆ.

ಬೆಲೆ ತಿರುಗಿ 538 ದಾಟಿದರೆ ಮೇಲ್ತುದಿಯನ್ನು ಹೊಸ ಹೈಗೆ ಸರಿಸಿ, ಕೆಳತುದಿ ಅಲ್ಲೇ ಇರಲಿ. ಇಳಿತ ಶುರುವಾದ ಮೇಲೆ ಮಾತ್ರ ಯಾವ ತುದಿಯನ್ನೂ ಮುಟ್ಟಬೇಡಿ. ಬೆಲೆ ಎಲ್ಲೋ ತಿರುಗಿದ ಮೇಲೆ ಗೆರೆಯನ್ನು ಅದಕ್ಕೆ ಹೊಂದಿಸಿ ಎಳೆದರೆ ಅಳತೆಗೆ ಅರ್ಥವೇ ಉಳಿಯುವುದಿಲ್ಲ.

ಟ್ರೇಡಿಂಗ್‌ವ್ಯೂನಲ್ಲಿ ಎಳೆಯುವಾಗ ಮೊದಲ ಕ್ಲಿಕ್ ಕೆಳತುದಿಗೆ, ಎರಡನೆಯದು ಮೇಲ್ತುದಿಗೆ. ಆಗ 0 ಮೇಲೆ, 1 ಕೆಳಗೆ ಕಾಣುತ್ತದೆ. ತಿರುಗುಮುರುಗು ಎಳೆದರೆ 0.618 ಎಂಬ ಹೆಸರು 489.87ರ ಗೆರೆಗೆ ಹೋಗಿ ಕೂರುತ್ತದೆ, ಅಂದರೆ 30 ರೂಪಾಯಿ ಮೇಲೆ ಕೊಂಡುಬಿಡುತ್ತೀರಿ. 50% ಗೆರೆ ಹೇಗೆ ಎಳೆದರೂ ಅಲ್ಲೇ ಇರುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಅನುಮಾನ ಬಂದರೆ ಒಂದು ಶೀಟ್ ತೆರೆದು B1ರಲ್ಲಿ ಹೈ, B2ರಲ್ಲಿ ಲೋ ಬರೆದು ತಾಳೆ ನೋಡಿ:

```
=B1-(B1-B2)*0.618
```

ಇನ್ನೆರಡು ಸಣ್ಣ ವಿಷಯ. ಏರಿಕೆಯ ನಡುವೆ ಬೋನಸ್ ಅಥವಾ ಸ್ಪ್ಲಿಟ್ ಆಗಿದ್ದರೆ ಚಾರ್ಟ್ ಅದಕ್ಕೆ ಹೊಂದಿಸಿದ್ದೇ ಎಂದು ನೋಡಿ. ಷೇರು ದುಪ್ಪಟ್ಟಾಗಿದ್ದರೆ ಲಾಗ್ ಸ್ಕೇಲ್ ಆಯ್ಕೆಯನ್ನೂ ಗಮನಿಸಿ: 100ರಿಂದ 200ಕ್ಕೆ ಏರಿದ ಷೇರಿನ ಅರ್ಧ ಇಳಿತ ಸಾಮಾನ್ಯ ಲೆಕ್ಕದಲ್ಲಿ 150, ಲಾಗ್ ಲೆಕ್ಕದಲ್ಲಿ 141 ರೂಪಾಯಿ ಚಿಲ್ಲರೆ. ಯಾವುದನ್ನಾದರೂ ಬಳಸಿ, ದಿನಕ್ಕೊಂದು ಬದಲಿಸಬೇಡಿ.

ಬೇರೆ ಕಾರಣ ಅಂದರೆ ನಿಜವಾಗಿ ಬೇರೆಯೇ?

ಇಳಿತಕ್ಕೆ ಮೊದಲೇ, ಅಥವಾ ಅದು ಇನ್ನೂ ಮೇಲಿರುವಾಗಲೇ, ಚಾರ್ಟ್‌ನಲ್ಲಿ ಹಿಂದೆ ಹೋಗಿ ಕಾರಣಗಳನ್ನು ಗುರುತು ಮಾಡಿ. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ತೂಕದ ಕಾರಣ ಹಳೆಯ ರೆಸಿಸ್ಟೆನ್ಸ್, ಅಂದರೆ ಹಿಂದೆ ಏರಿಕೆ ತಡೆದು ನಿಂತಿದ್ದ ಬೆಲೆ. ನಮ್ಮ ಷೇರು 412ಕ್ಕೆ ಇಳಿಯುವ ಮೊದಲು ಎರಡು ಸಲ, 459 ಮತ್ತು 463ರಲ್ಲಿ ತಡೆದು ವಾಪಸು ಬಂದಿತ್ತು ಎನ್ನಿ. ಆಮೇಲಿನ ಏರಿಕೆಯಲ್ಲಿ ಅದನ್ನು ದೊಡ್ಡ ವಾಲ್ಯೂಮ್ ಜೊತೆ ದಾಟಿತು. ಅಲ್ಲಿ ಮಾರಿದವರು 'ಅಯ್ಯೋ, ಬೇಗ ಮಾರಿದೆ' ಎಂದು ಕೈ ಹಿಸುಕಿಕೊಂಡಿರುತ್ತಾರೆ. ದಾಟುವಾಗ ಕೊಳ್ಳಲಾಗದವರು ಅದೇ ಬೆಲೆ ಮತ್ತೆ ಬರಲಿ ಎಂದು ಕಾಯುತ್ತಿರುತ್ತಾರೆ. ಬ್ಯಾಡಗಿಯ ಖರೀದಿದಾರನಂತೆ ಇವರಿಗೂ ನೆನಪಿನಲ್ಲಿರುವುದು ಬೆಲೆ, ಶೇಕಡಾವಾರು ಅಲ್ಲ.

ಎರಡನೆಯದು 50 ಅಥವಾ 200 ದಿನದ ಮೂವಿಂಗ್ ಆವರೇಜ್, ಅದು ಮೇಲ್ಮುಖವಾಗಿದ್ದರೆ ಮಾತ್ರ. ಮೂರನೆಯದು ಏರುವಾಗ ಬಿಟ್ಟುಹೋದ ಗ್ಯಾಪ್‌ನ, ಅಂದರೆ ನಡುವೆ ವ್ಯವಹಾರವೇ ಆಗದೆ ಬೆಲೆ ಹಾರಿಹೋದ ಜಾಗದ ಅಂಚು. ಇವಕ್ಕಿಂತ ಹಗುರವಾದದ್ದು 500ರಂಥ ದುಂಡು ಸಂಖ್ಯೆ.

ಪಟ್ಟಿ ಉದ್ದವಾದಷ್ಟೂ ಒಳ್ಳೆಯದು ಎಂದುಕೊಳ್ಳುವುದು ದೊಡ್ಡ ಮೋಸ. 20 ದಿನದ ಸರಳ ಆವರೇಜ್ ಮತ್ತು ಬೊಲಿಂಜರ್ ಬ್ಯಾಂಡ್‌ನ ನಡುಗೆರೆ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದೇ ಲೆಕ್ಕ, ಅವನ್ನು ಎರಡು ಕಾರಣ ಎಂದು ಎಣಿಸಬಾರದು. ಆರ್‌ಎಸ್‌ಐ, ಸ್ಟೊಕ್ಯಾಸ್ಟಿಕ್ ಎರಡೂ 'ತುಂಬ ಇಳಿದಿದೆ' ಎಂದರೆ ಒಂದೇ ಮಾತನ್ನು ಎರಡು ಸಲ ಕೇಳಿದಂತೆ. ಎರಡು ಫಿಬೊನಾಚಿ ಅಳತೆಗಳು ಒಂದೇ ಶಿಖರದಿಂದ ಹೊರಟಿದ್ದರೆ ಅವೂ ಅರ್ಧ ನೆಂಟರೇ. ಅದಕ್ಕೇ ಫಿಬೊನಾಚಿ ಗೆರೆ, ಹಳೆಯ ರೆಸಿಸ್ಟೆನ್ಸ್, ಒಂದು ದೊಡ್ಡ ಆವರೇಜ್ ಈ ಮೂರು ಸೇರಿದರೆ ಸಾಕು. ಹಳೆಯ ರೆಸಿಸ್ಟೆನ್ಸ್ ಇಲ್ಲದಿದ್ದರೆ ಉಳಿದವು ಎಷ್ಟೇ ಇರಲಿ, ಬಿಟ್ಟುಬಿಡುವುದು ಒಳ್ಳೆಯದು.

ಇವೆಲ್ಲ ಎಷ್ಟು ಹತ್ತಿರ ಇರಬೇಕು? ಅರ್ಧ ಎಟಿಆರ್ ಒಳಗೆ. ನಮ್ಮ ಷೇರಿಗೆ ಅದು 4.50 ರೂಪಾಯಿ. 459–463ರ ಪಟ್ಟಿ, 460.13ರ ಗೆರೆ, 462ರಲ್ಲಿರುವ 50 ದಿನದ ಆವರೇಜ್, ಮೂರೂ 4 ರೂಪಾಯಿ ಅಗಲದಲ್ಲಿ ಸೇರಿವೆ. ಇದೇ ನಮ್ಮ ಜಾಗ. 489.87 ಮತ್ತು 475ರ ಹತ್ತಿರ ಏನೂ ಇಲ್ಲ. ಅಳತೆಗೆ ಮಿತಿ ಹಾಕದೆ 15 ರೂಪಾಯಿ ದೂರದ್ದನ್ನೂ 'ಹತ್ತಿರವೇ' ಎಂದು ಸೇರಿಸಿದರೆ ಪ್ರತಿ ಗೆರೆಗೂ ಒಂದು ಜೊತೆ ಸಿಕ್ಕೇ ಸಿಗುತ್ತದೆ.

ಇಳಿತ ಬಂದಾಗ

538ರಿಂದ ಷೇರು ಇಳಿಯುತ್ತಾ 490ರಲ್ಲಿ ಒಂದು ಹಸಿರು ಕ್ಯಾಂಡಲ್ ಕೊಟ್ಟಿತು. 38.2% ಗೆರೆಯನ್ನಷ್ಟೇ ನೋಡಿದವರು ಇಲ್ಲಿ ಕೊಂಡು, ಇಳಿದರೆ ಮಾರಿ ಹೊರಬರಲು 483ಕ್ಕೆ ಸ್ಟಾಪ್‌ಲಾಸ್ ಇಟ್ಟಿರುತ್ತಾರೆ. ಎರಡು ದಿನ ಬಿಟ್ಟು ಬೆಲೆ 483 ಮುರಿಯಿತು, 475ರಲ್ಲಿ ನಿಲ್ಲಲೂ ಇಲ್ಲ. ಗುರುತು ಮಾಡಿಕೊಂಡವರು ಈವರೆಗೆ ಏನೂ ಮಾಡಿಲ್ಲ, 466ಕ್ಕೆ ಒಂದು ಅಲರ್ಟ್ ಇಟ್ಟು ಕೂತಿದ್ದಾರೆ.

ಈ ಹೊತ್ತಿಗೆ ನೋಡಬೇಕಾದದ್ದು ಇಳಿತದ ಸ್ವಭಾವ. ಕ್ಯಾಂಡಲ್‌ಗಳು ಸಣ್ಣದಾಗಿ, ವಾಲ್ಯೂಮ್ ಏರಿಕೆಯ ದಿನಗಳಿಗಿಂತ ಕಡಿಮೆಯಾಗಿ ಇಳಿದರೆ ಅದು ಲಾಭ ತೆಗೆದುಕೊಳ್ಳುವವರ ಮಾರಾಟ. ದೊಡ್ಡ ಕೆಂಪು ಕ್ಯಾಂಡಲ್, ಏರುವಾಗ ಇದ್ದದ್ದಕ್ಕಿಂತ ಹೆಚ್ಚು ವಾಲ್ಯೂಮ್ ಇದ್ದರೆ ಯಾರೋ ದೊಡ್ಡವರು ಹೊರಗೆ ಹೋಗುತ್ತಿದ್ದಾರೆ, ಎಷ್ಟು ಕಾರಣ ಕೂಡಿದರೂ ಕೈ ಹಾಕಬೇಡಿ. ಕಂಪನಿಯ ತ್ರೈಮಾಸಿಕ ಫಲಿತಾಂಶ ವಾರದೊಳಗಿದ್ದರೆ ಆಗಲೂ ಬೇಡ. ಫಲಿತಾಂಶದ ಮರುದಿನದ ಗ್ಯಾಪ್‌ಗೆ ಯಾವ ಗೆರೆಯೂ ಲೆಕ್ಕಕ್ಕಿಲ್ಲ.

ಬೆಲೆ ಆ ಜಾಗ ಮುಟ್ಟಿದ ತಕ್ಷಣ ಕೊಳ್ಳಬೇಡಿ, ದಿನದ ಕ್ಲೋಸ್ ಬರಲಿ. ನಮ್ಮ ಷೇರು ಒಂದು ದಿನ 464ಕ್ಕೆ ತೆರೆದು, 457ರವರೆಗೆ ಜಾರಿ, 470 ಮುಟ್ಟಿ, 468ಕ್ಕೆ ಮುಚ್ಚಿತು. ಪಟ್ಟಿಯ ಕೆಳಗೆ ಹೋಗಿ ಅದೇ ದಿನ ಮೇಲೆ ಬಂದು ಮುಚ್ಚಿದ್ದರಿಂದ ಅಲ್ಲಿ ಕೊಳ್ಳುವವರು ಇದ್ದಾರೆ ಎಂಬುದಕ್ಕೆ ಇದು ಮೊದಲ ಗುರುತು. ವಾಲ್ಯೂಮ್ ಹಿಂದಿನ ಐದು ದಿನದ ಸರಾಸರಿಗಿಂತ ಹೆಚ್ಚಿದ್ದರೆ ಇನ್ನೂ ಗಟ್ಟಿ. ಕ್ಲೋಸ್ 459ರ ಕೆಳಗೆ ಬಂದಿದ್ದರೆ ಕಾಯಬೇಕಿತ್ತು.

ಮರುದಿನ ಆ ಕ್ಯಾಂಡಲ್‌ನ ಹೈ ದಾಟಿದರೆ ಮಾತ್ರ ಖರೀದಿ: 470.50ಕ್ಕೆ ಟ್ರಿಗರ್, 472ಕ್ಕೆ ಲಿಮಿಟ್ ಇಟ್ಟು, ಬೆಲೆ ಟ್ರಿಗರ್ ಮುಟ್ಟಿದಾಗ ತಾನಾಗಿ ಹೋಗುವ ಜಿಟಿಟಿ ಆರ್ಡರ್ ಹಾಕಿಡಬಹುದು. ಬೆಲೆ ಗ್ಯಾಪ್‌ನಲ್ಲಿ 482ಕ್ಕೆ ತೆರೆದರೆ ಆರ್ಡರ್ ರದ್ದು ಮಾಡಿ, ಬೆನ್ನು ಹತ್ತಬೇಡಿ. ಸ್ಟಾಪ್‌ಲಾಸ್ ದೂರವೇ ಉಳಿದಿರುತ್ತದೆ, ಲೆಕ್ಕ ಕೆಡುತ್ತದೆ. ಮೂರು ದಿನದಲ್ಲಿ ಹೈ ದಾಟದಿದ್ದರೂ ಆರ್ಡರ್ ತೆಗೆಯಿರಿ.

ಸ್ಟಾಪ್‌ಲಾಸ್ ಗೆರೆಯ ಕೆಳಗೇ ಅಂಟಿಸಿ ಇಡುವುದು ಎಲ್ಲರೂ ಮಾಡುವ ತಪ್ಪು. 460ರ ಗೆರೆಗೆ 459ರ ಸ್ಟಾಪ್ ಇಟ್ಟಿದ್ದರೆ 457ರ ಆ ಜಾರುವಿಕೆಯಲ್ಲೇ ಹೊರಬೀಳುತ್ತಿದ್ದಿರಿ. ಕ್ಯಾಂಡಲ್‌ನ ಲೋ 457, ಅದರಿಂದ ಅರ್ಧ ಎಟಿಆರ್ ಕೆಳಗೆ, ಅಂದರೆ 452.50. ಈಗ ಪ್ರತಿ ಷೇರಿಗೆ ಅಪಾಯ 18 ರೂಪಾಯಿ. ಬಂಡವಾಳ 2,00,000 ಇದ್ದು, ಒಂದು ವ್ಯವಹಾರದಲ್ಲಿ ಅದರ 1% ಅಂದರೆ 2,000 ಮಾತ್ರ ಕಳೆದುಕೊಳ್ಳಲು ಸಿದ್ಧರಿದ್ದರೆ, 2,000 ಭಾಗಿಸು 18, 111 ಷೇರು. ಅದಕ್ಕೆ ಬೇಕಾಗುವ ಹಣ ಸುಮಾರು 52,000. ಬಂಡವಾಳ ಇದೆ ಎಂದು 400 ಷೇರು ಕೊಂಡರೆ ಇದೇ ಸ್ಟಾಪ್‌ನಲ್ಲಿ 7,200 ಹೋಗುತ್ತದೆ.

ಇನ್ನು ಹೊರಬರುವ ದಾರಿ. ಅಪಾಯದ ಎರಡರಷ್ಟು, ಅಂದರೆ 36 ರೂಪಾಯಿ ಮೇಲೆ 506.50ಕ್ಕೆ ಅರ್ಧ ಮಾರಿ, ಉಳಿದದ್ದರ ಸ್ಟಾಪ್ ಅನ್ನು ಕೊಂಡ ಬೆಲೆಗೆ ಏರಿಸಿ. ಉಳಿದರ್ಧ 538ರ ಹತ್ತಿರ. ಅಲ್ಲಿ ಹಳೆಯ ಶಿಖರದಲ್ಲಿ ಸಿಕ್ಕಿಕೊಂಡವರು ಮಾರಲು ಕಾಯುತ್ತಿರುತ್ತಾರೆ. ಖರೀದಿಗೆ ಮೊದಲೇ ಈ ದೂರ ನೋಡಿಕೊಳ್ಳಿ: 470.50ರಿಂದ 538ಕ್ಕೆ 67.50, ಅಪಾಯದ ಮೂರೂವರೆ ಪಟ್ಟಿಗಿಂತ ಹೆಚ್ಚು. ಎರಡು ಪಟ್ಟೂ ಸಿಗದ ಕಡೆ ಕನ್‌ಫ್ಲುಯೆನ್ಸ್ ಇದ್ದರೂ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ಟಾಪ್‌ಲಾಸ್ ಇಟ್ಟ ಬೆಲೆಗೇ ಮಾರಾಟ ಆಗುತ್ತದೆ ಎನ್ನುವ ಖಾತರಿ ಇಲ್ಲ ಎಂಬುದು ಡೆಲಿವರಿಯಲ್ಲಿ ಇರುವವರಿಗೆ ತಿಳಿದಿರಬೇಕು. ರಾತ್ರಿ ಕೆಟ್ಟ ಸುದ್ದಿ ಬಂದು ಷೇರು 440ಕ್ಕೆ ತೆರೆದರೆ ನಷ್ಟ ಷೇರಿಗೆ 30.50, ಒಟ್ಟು ಸುಮಾರು 3,385. ಎಣಿಸಿದ 2,000 ಅಲ್ಲ. ಆಗ 78.6% ಗೆರೆ 438.96ರಲ್ಲಿ ಇದೆಯಲ್ಲ ಎಂದು ಸ್ಟಾಪ್ ಅನ್ನು ಕೆಳಗೆ ಸರಿಸುವ ಆಸೆ ಹುಟ್ಟುತ್ತದೆ. ಕೊಂಡ ಕಾರಣ 459ರಲ್ಲೇ ಮುರಿದುಹೋಗಿದೆ, ತೆರೆದ ಕೂಡಲೇ ಮಾರಿ ಹೊರಬನ್ನಿ.

ನಿಮ್ಮ ಷೇರುಗಳಲ್ಲಿ ಇದು ನಡೆಯುತ್ತದೆಯೇ ಎಂದು ನೋಡುವ ಬಗೆ

ಹಣ ಹಾಕುವ ಮೊದಲು ಒಂದು ವಾರ ಸಂಜೆ ಇದನ್ನು ಮಾಡಿ. ಹಳೆಯ ಚಾರ್ಟ್‌ಗಳಲ್ಲಿ 30 ಏರಿಕೆಗಳನ್ನು ಆರಿಸಿ, ಚಾರ್ಟ್‌ನ ರಿಪ್ಲೇ ಸೌಲಭ್ಯದಿಂದ ಮುಂದಿನ ಭಾಗವನ್ನು ಮುಚ್ಚಿಡಿ. ಶಿಖರ ಖಚಿತವಾದ ದಿನವೇ ಗೆರೆ ಎಳೆದು, ಕಾರಣ ಕೂಡಿದ ಜಾಗ ಇದ್ದರೆ ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಒಂದೊಂದೇ ಕ್ಯಾಂಡಲ್ ಮುಂದೆ ಬಿಡಿ. ಮೂರು ಕಾಲಂ ಸಾಕು: ಒಂಟಿ ಗೆರೆ ಎಷ್ಟು ಸಲ ಹಿಡಿದು ನಿಲ್ಲಿಸಿತು, ಹಳೆಯ ರೆಸಿಸ್ಟೆನ್ಸ್ ಕೂಡಿದ ಗೆರೆ ಎಷ್ಟು ಸಲ, ಗೆರೆಯಿಲ್ಲದ ಬರೀ ಹಳೆಯ ರೆಸಿಸ್ಟೆನ್ಸ್ ಎಷ್ಟು ಸಲ. 'ಹಿಡಿದು ನಿಲ್ಲಿಸಿತು' ಅಂದರೆ ಸ್ಟಾಪ್ ಮುಟ್ಟುವ ಮೊದಲು ಅಪಾಯದ ಎರಡರಷ್ಟು ಏರಿತು ಎಂದೇ ಅರ್ಥ ಇರಲಿ, ಕಣ್ಣಂದಾಜು ಬೇಡ.

ನಂತರ ಅದೇ 30 ಏರಿಕೆಗಳ ಮೇಲೆ ಫಿಬೊನಾಚಿ ಟೂಲ್‌ನ ಸೆಟ್ಟಿಂಗ್‌ಗೆ ಹೋಗಿ 0.382, 0.5, 0.618 ಅಳಿಸಿ, 0.33, 0.45, 0.57 ಎಂದು ಬರೆದು ಮತ್ತೊಮ್ಮೆ ಎಣಿಸಿ. ಇವು ಯಾವ ಸರಣಿಯಿಂದಲೂ ಬಂದ ಸಂಖ್ಯೆಗಳಲ್ಲ. ಒಂಟಿ ಗೆರೆಯ ಕಾಲಂನಲ್ಲಿ ಇವೂ ಹೆಚ್ಚುಕಡಿಮೆ ಅಷ್ಟೇ ಸಲ ಗೆದ್ದರೆ, ಆ ಷೇರುಗಳಲ್ಲಿ ನಿಮ್ಮ ಕೆಲಸ ಮಾಡುತ್ತಿರುವುದು ಹಳೆಯ ರೆಸಿಸ್ಟೆನ್ಸ್ ಎಂದು ತಿಳಿಯುತ್ತದೆ. ಆಗ ಇಳಿತ ಎಷ್ಟು ಆಳ ಹೋಗಿದೆ ಎಂದು ಅಳೆಯಲಷ್ಟೇ ಫಿಬೊನಾಚಿ ಇಟ್ಟುಕೊಂಡು, ಖರೀದಿಯ ಬೆಲೆಯನ್ನು ಹಳೆಯ ಶಿಖರಗಳಿಂದ ನಿರ್ಧರಿಸಿ.